ಅವರು ಎದ್ದು ಯಾಕೆ ಹೋಗಲ್ಲ

ಹಳೇ ಕುರ್ಚಿಯ ಸೀಟಿಂದ ಪಿನ್ನು ಕೀಳ್ತಾ ಕೂತಿದ್ದವಳಿಗೆ ಇದ್ದಕ್ಕಿದ್ದಂಗೆ ನಗು ಬಂತು. ಬರಬಾರದಿತ್ತು. ಎಡಗಡೆ ಅಪ್ಪ, ಬಲಗಡೆ ಚಿಕ್ಕಪ್ಪ, ಮಧ್ಯೆ ಅವಳು, ಮೂರೂ ಜನ ಬಾಯಿ ಹೊಲ್ಕೊಂಡು ಕೂತಿರೋ ಸೋಫಾ ರಿಪೇರಿ ಅಂಗಡಿಯಲ್ಲಿ ಒಬ್ಬಳೇ ಕಿಸಕ್ಕಂದ್ರೆ ಏನಂದ್ಕೋತಾರೆ? ಇಕ್ಕಳದ ಬಾಯಿಗೆ ಸಿಕ್ಕ ಪಿನ್ನನ್ನ ಡಬ್ಬಿಗೆ ಟಣ್ ಅಂತ ಹಾಕಿ, ಕೆಮ್ಮಿದಂಗೆ ಮಾಡಿದಳು. ನಗು ಬಂದಿದ್ದು ಬೆಳಗ್ಗೆ ಕ್ಲಾಸಲ್ಲಿ ಆದದ್ದು ನೆನಪಾಗಿ. ಆಗ ಅಳು ಬಂದಿತ್ತು, ಈಗ ನಗು ಬರ್ತಿದೆ, ಅವಳ ಒಳಗಿನ ವೈರಿಂಗೇ ಹಂಗೆ. ಅವಳು ಬರೆದ ಕಥೆಯಲ್ಲಿ ಒಂದು ಆಫೀಸಲ್ಲಿ ಆರು ಜನ ರಾತ್ರಿಯಿಡೀ ಸಿಕ್ಕಾಕೊಂಡಿದ್ರು. ಬಾಗಿಲು ಜಾಮ್, ಕರೆಂಟಿಲ್ಲ, ಆರೂ ಜನರ ಫೋನಿನ ಚಾರ್ಜು ಒಂದೇ ಸಲ ಖಾಲಿ, ಹೊರಗೆ ಬಿರುಗಾಳಿ, ಅದೂ ಸಾಲ್ದು ಅಂತ ಬೀದಿಯಲ್ಲಿ ಗಲಾಟೆ. ಓದಿ ಮುಗಿಸಿದಾಗ ಹಿಂದಿನ ಬೆಂಚಿನಿಂದ ಒಬ್ಬ, ಭೂಕಂಪ ಒಂದು ಬಾಕಿ ಇತ್ತು ನೋಡು, ಅಂದ. ಇಡೀ ಕ್ಲಾಸು ನಕ್ತು. ಕತೆ ಬರೆಯೋದು ಕಲಿಸೋ ಮೇಡಂ ಮಾತ್ರ ನಗಲಿಲ್ಲ, ಅದೇ ಜಾಸ್ತಿ ಉರೀತು. ಅವರು ಕನ್ನಡಕ ತೆಗೆದು ಮೆತ್ತಗೆ ಕೇಳಿದ್ರು: 'ಅದೆಲ್ಲ ಸರಿ, ಇವರು ಎದ್ದು ಯಾಕೆ ಹೋಗಲ್ಲ?'

ಬಾಗಿಲು ಜಾಮ್ ಆಗಿದೆ ಮೇಡಂ, ಅಂದಿದ್ದಳು. ಮತ್ತೆ ನಗು. ಮೇಡಂ ಹೇಳಿದ್ದನ್ನೆಲ್ಲ ಅವಳು ಬೆಂಚಿನ ಕೆಳಗೆ ಫೋನಲ್ಲಿ ಟೈಪ್ ಮಾಡ್ಕೊಂಡಿದ್ದಳು, ಅಳ್ತಾ ಇದ್ದರೂ ಹೆಬ್ಬೆರಳು ನಿಲ್ಲಲ್ಲ ಅವಳದ್ದು. ಬಾಗಿಲಿಗೆ ಎಷ್ಟು ಬೀಗ ಜಡಿದ್ರೂ ಓದೋರು ಕಿಟಕಿ ಹುಡುಕ್ತಾರೆ. ಹೊರಗಿನ ಬೀಗ ಒಂದು ಸಾಕು, ಅದೂ ಸಣ್ಣದು, ನಂಬೋ ಅಂಥದ್ದು. ಮಿಕ್ಕಿದ್ದು ಒಳಗಿನ ಬೀಗ. ಒಬ್ಬೊಬ್ಬರಿಗೂ ಆ ಕೋಣೆಯಲ್ಲೇ ಸಿಗಬೇಕಾದ್ದು ಏನೋ ಇರಬೇಕು, ಅದು ಇನ್ನೊಬ್ಬರ ಕೈಲಿರಬೇಕು. ಕೋಣೆ ಎಷ್ಟು ದೊಡ್ಡದು, ಯಾರು ಎಲ್ಲಿ ಕೂತ್ರು, ಯಾರು ಜಾಗ ಬದಲಾಯಿಸಿದ್ರು, ಅದು ಗೊತ್ತಿಲ್ದೆ ಒಂದು ಸಾಲೂ ಬರೀಬೇಡ. ಆರು ಜನ ಬೆಳಗಿನ ತನಕ ಇದ್ರು, ಒಬ್ರೂ ಬಾತ್‌ರೂಮಿಗೆ ಹೋಗ್ಲಿಲ್ವಲ್ಲಮ್ಮ? ಕೊನೇ ಮಾತಿಗೆ ಮೇಡಮ್ಮೂ ನಕ್ಕುಬಿಟ್ರು, ದ್ರೋಹಿ.

ನಾಲ್ಕು ಜನ ಸಾಕು, ಅಂತ ಈಗ ಪಿನ್ನು ಕೀಳ್ತಾ ಅನ್ನಿಸ್ತು. ಆರು ಜನರ ಬಾಯಿಗೆ ಮಾತು ಹುಡುಕೋದ್ರಲ್ಲೇ ರಾತ್ರಿ ಕಳೆದು ಹೋಗತ್ತೆ. ಮತ್ತೆ ಆ ನಾಲ್ಕು ಜನ ಯಾರು ಅಂತ ತಲೆ ಎತ್ತಿ ನೋಡಿದ್ರೆ ಇಲ್ಲೇ ಕೂತಿದಾರಲ್ಲ. ಅಪ್ಪ ಬೆಂಚಿನ ಮೇಲೆ ಸೀಟು ಹಲಗೆ ಇಟ್ಕೊಂಡು ಗನ್ನಿಂದ ಟಕ್ ಟಕ್ ಪಿನ್ನು ಹೊಡೀತಿದಾರೆ. ಚಿಕ್ಕಪ್ಪ ಮಷೀನಲ್ಲಿ ಬಟ್ಟೆಯ ಅಂಚಿಗೆ ದಪ್ಪ ದಾರ ಒಳಗಿಟ್ಟು ಪೈಪಿಂಗ್ ಹೊಲೀತಿದಾರೆ. ಊಟದ ಡಬ್ಬಿ ಹಿಡ್ಕೊಂಡು ಅತ್ತೆ ಇನ್ನೇನು ಬರ್ತಾರೆ. ಯಾವುದೋ ಸಭಾಭವನದ ಕುರ್ಚಿಗಳು, ಬೆಳಗ್ಗೆ ಟೆಂಪೋ ಬರತ್ತೆ. ಅದೇ ಟೆಂಪೋದಲ್ಲಿ ಚಿಕ್ಕಪ್ಪನ ಮಷೀನೂ ಹೋಗತ್ತೆ. ಊರಿನ ಆ ಕಡೆ ಯಾರದ್ದೋ ಅಂಗಡಿಗೆ ಸೇರ್ಕೊಂಡಿದಾರೆ. ಅಲ್ಲಿಗೆ ಸೇರಿದ್ರೆ ಮುಗೀತು, ಈ ಇಬ್ರೂ ಒಬ್ಬರ ಮುಖ ಒಬ್ಬರು ನೋಡೋದು ಯಾರದ್ದಾದ್ರೂ ಮದುವೇಲೋ ಸಾವಲ್ಲೋ.

ಜಗಳ ಆಗಿ ತಿಂಗಳುಗಳೇ ಆಗಿದ್ವು. ಜಗಳ ಅಂದ್ರೆ ಜಗಳಾನೂ ಅಲ್ಲ. ಚಿಕ್ಕಪ್ಪ ಹೊಲಿದ ಒಂದು ಸೋಫಾ ಕವರನ್ನ ಅಪ್ಪ ಗಿರಾಕಿ ಮುಂದೆ ಎತ್ತಿ ಹಿಡಿದು, ಸೊಟ್ಟಗಿದೆ ಕಣೋ, ಅಂತ ಬ್ಲೇಡು ಹಾಕಿ ಸರ್ರ್ ಅಂತ ಬಿಚ್ಚಿಬಿಟ್ಟಿದ್ರು. ಚಿಕ್ಕಪ್ಪ ಸ್ಕೇಲು ತಂದು ಬಿಚ್ಚಿದ ತೂತುಗಳ ಮೇಲಿಟ್ಟು, ನೋಡು, ಅಂದ್ರು. ನೇರ ಇತ್ತು. ಅಪ್ಪ ನೋಡಲಿಲ್ಲ, ಗಿರಾಕಿಗೆ ಕಾಫಿ ತರಿಸೋಕೆ ಹೊರಟ್ರು. ಅಲ್ಲಿಂದ ಇಬ್ಬರ ಮಧ್ಯೆ ಮಾತು ಅವಳ ಮೂಲಕ. ನಿಮ್ಮಪ್ಪಂಗೆ ಹೇಳು ಬಟ್ಟೆ ಸಾಲಲ್ಲ ಅಂತ. ಅವನಿಗೆ ಹೇಳು ಸಾಲತ್ತೆ ಅಂತ. ಮೂರು ಮೊಳದ ದೂರದಲ್ಲಿ ಕೂತ್ಕೊಂಡು! ಮೊದಮೊದಲು ಅವಳು ಮಾತನ್ನ ತಿರುಚಿ ತಮಾಷೆ ಮಾಡ್ತಿದ್ದಳು, ಚಿಕ್ಕಪ್ಪ ಹೇಳ್ತಿದಾರೆ ಅಪ್ಪಾ ನೀನು ಇವತ್ತು ಹೀರೋ ಥರ ಕಾಣ್ತಿದೀಯಂತೆ. ಯಾರೂ ನಗದಾಗ ಬಿಟ್ಟಳು. ಈಗ ಟಪಾಲಿನ ಥರ, ಮುಚ್ಚಿದ್ದನ್ನ ಮುಚ್ಚಿದಂಗೇ ತಲುಪಿಸೋದು.

ಹೊರಗಿನ ಬೀಗ ಒಂದು ಸಾಕು, ಸಣ್ಣದು.

ಯೋಚನೆ ಹೊಳೆದಾಗ ಇಕ್ಕಳ ಕೆಳಗಿಟ್ಟು ಶಟರ್ ಕಡೆ ನೋಡಿದಳು. ಅಂಗಡಿ ಶಟರಿಗೆ ಒಂದು ರೋಗ, ಬೀಗ ಹಾಕದಿದ್ರೆ ತಾನೇ ಒಂದು ಗೇಣು ಮೇಲೆ ಏಳತ್ತೆ. ಆ ಸಂದಿಯಲ್ಲಿ ಬೀದಿನಾಯಿಗಳು ನುಗ್ಗಿ ಗಿರಾಕಿಗಳ ಸೋಫಾ ಮೇಲೆ ಮಲಗಿಬಿಡ್ತಾವೆ. ಅದಕ್ಕೆ ರಾತ್ರಿ ಕೆಲಸ ಇದ್ದಾಗ ಒಳಗಿನಿಂದ ಬೀಗ ತಿರುವಿಡೋದು, ಒಳಗಿಗೂ ಹೊರಗಿಗೂ ಒಂದೇ ಕೀ. ಅಪ್ಪನ ಕೀಗೆ ಕೆಂಪು ರಿಬ್ಬನ್ನು, ಅವಳ ಶಾಲೆ ಜಡೆಯದ್ದು. ಚಿಕ್ಕಪ್ಪನ ಕೀ ಅವರು ರೂಮಲ್ಲಿ ಬಿಟ್ಟು ಬಂದಿದ್ರು, ಸಂಜೆ ಬರ್ತಾನೇ ಹೇಳಿದ್ರು, ನಿಮ್ಮಪ್ಪಂಗೆ ಹೇಳು ಕೀ ನಾಳೆ ತಂದು ಕೊಡ್ತೀನಿ ಅಂತ. ಅತ್ತೆ ಬಂದು, ಶಟರ್ ಎಳೆದು, ಬೀಗ ತಿರುವಿದ ಮೇಲೆ ಈ ಕೀ ಒಂದರ್ಧ ಗಂಟೆ ಕಾಣೆಯಾದ್ರೆ? ಹಿಂದಿನ ಬಾಗಿಲಿಗೆ ಅಡ್ಡ ಬಟ್ಟೆ ರೋಲಿನ ಕಬ್ಬಿಣದ ಸ್ಟ್ಯಾಂಡು, ಗೋಡೆಗೆ ಬೋಲ್ಟು ಹಾಕಿದ್ದು. ಕಿಟಕಿಗೆ ಸರಳು. ಫೋನು ಎಲ್ಲರದ್ದೂ ಚೆನ್ನಾಗಿದೆ, ಇರಲಿ, ಯಾರಿಗೆ ಮಾಡ್ತಾರೆ? ಅಮ್ಮ ಆಸ್ಪತ್ರೇಲಿ ನೈಟ್ ಡ್ಯೂಟಿ. ಬೀಗ ರಿಪೇರಿಯೋನು ಈ ಹೊತ್ತಲ್ಲಿ ಬರಲ್ಲ. ಬಾತ್‌ರೂಮು ಮೂಲೇಲಿದೆ, ಮೇಡಂ, ಪ್ಲೈವುಡ್ ಬಾಗಿಲಿದೆ, ಚಿಲಕ ಸರಿ ಇಲ್ಲ, ಒಳಗಿರೋರು ಹಾಡು ಹೇಳ್ತಾ ಇರಬೇಕು!

ಅತ್ತೆ ಬಂದ್ರು. ಇಬ್ಬರಿಗೂ ಅಕ್ಕ, ಹಂಗಾಗಿ ಇಬ್ಬರನ್ನೂ ಒಟ್ಟಿಗೆ ಬೈಯೋ ಹಕ್ಕು ಅವರೊಬ್ಬರಿಗೇ. ಬೈಕೊಂಡೇ ಶಟರ್ ಎಳೆದ್ರು, ಅವಳು ಬೀಗ ತಿರುವಿದಳು, ಕೀ ತೆಗೆದಳು. ಜೇಬಿಲ್ಲದ ಬಟ್ಟೆ ಹಾಕ್ಕೊಂಡು ಬಂದಿದ್ದು ಆಗ ಗೊತ್ತಾಯ್ತು. ಇಷ್ಟು ದೊಡ್ಡ ಪ್ಲಾನು, ಒಂದು ಜೇಬಿಲ್ಲ. 'ಏ ಕೋತಿ, ತಟ್ಟೆ ತೊಳಿ ಬಾ,' ಅಂತ ಅತ್ತೆ ತಿರುಗಿದ್ರು. ಗಾಬರಿಯಲ್ಲಿ ಕೈಗೆ ಹತ್ತಿರ ಇದ್ದದ್ದು ಅಪ್ಪನ ಬೆಂಚು. ಅಲ್ಲೊಂದು ಸೀಟು ರೆಡಿಯಾಗ್ತಿತ್ತು, ಹಲಗೆಗೆ ಅಂಟಿಸಿದ ಬಿಳೀ ಫೋಮು. ಅದರ ಮೇಲೆ ಕೀ ಇಟ್ಟು ತಟ್ಟೆ ತೊಳೆಯೋಕೆ ಓಡಿದಳು. ಅಪ್ಪ ನೋಡ್ತಾರೆ, ಕೇಳ್ತಾರೆ, ಪ್ಲಾನು ಠುಸ್ ಆಗತ್ತೆ, ಆಗಲಿ. ನಲ್ಲಿ ಹತ್ರದಿಂದ ತಲೆ ತಿರುಗಿಸಿ ನೋಡಿದಳು. ಅಪ್ಪ ಬೆಂಚಿನ ಮುಂದೆ ನಿಂತಿದ್ರು. ಬಿಳೀ ಫೋಮಿನ ಮೇಲೆ ಕೆಂಪು ರಿಬ್ಬನ್ನು ನಾಲಗೆ ಚಾಚಿದಂಗೆ ಬಿದ್ದಿತ್ತು. ಅಪ್ಪ ಹತ್ತಿಯಂಥ ತೆಳು ಹಾಸನ್ನ ಅದರ ಮೇಲೆ ಹಾಸಿದ್ರು. ಬಟ್ಟೆ ಹಾಸಿದ್ರು. ಹಲಗೆ ಬೋರಲು ಹಾಕಿ, ಮೊದಲು ನಾಲ್ಕೂ ಕಡೆ ಮಧ್ಯಕ್ಕೊಂದೊಂದು ಪಿನ್ನು, ಆಮೇಲೆ ಮೂಲೆ ಎಳೆದು ಮಡಚಿ ಟಕ್ ಟಕ್ ಟಕ್. ಕುರ್ಚಿಗೆ ಕೂರಿಸಿ, ಸ್ಕ್ರೂ ತಿರುವಿ, ಗೋಡೆ ಕಡೆ ಇಟ್ರು.

ಅವಳ ಕೈಯಲ್ಲಿ ತಟ್ಟೆ ತೊಳೆದು ತೊಳೆದು ಸವೀತಿತ್ತು.

ಕೀ ಇಲ್ಲ ಅಂತ ಗೊತ್ತಾಗಿದ್ದು ಊಟ ಆಗಿ ಅತ್ತೆ ಮನೆಗೆ ಹೊರಟಾಗ. ಎಲ್ಲ ಅವಳು ಅಂದ್ಕೊಂಡಂಗೇ ನಡೀತು, ಅದೇ ಭಯ. ಅಪ್ಪ ಜೇಬು ತಡವಿದ್ರು, ಅತ್ತೆ ಡಬ್ಬಿ ಒಳಗೂ ನೋಡಿದ್ರು, ಚಿಕ್ಕಪ್ಪ ಪಿನ್ನಿನ ಡಬ್ಬಿ ಸುರಿದು ಆಯಸ್ಕಾಂತ ಆಡಿಸಿದ್ರು. ಅವನ ಕೀ ಎಲ್ಲಿದೆ ಕೇಳು, ಅಂದ್ರು ಅಪ್ಪ. ರೂಮಲ್ಲಿದೆ, ರೂಮಿಗೆ ಬೀಗ, ಆ ಬೀಗದ ಕೀ ನನ್ನ ಹತ್ರ, ನಾನು ಇಲ್ಲಿ, ಅಂತ ನಿಮ್ಮಪ್ಪಂಗೆ ಹೇಳು, ಅಂದ್ರು ಚಿಕ್ಕಪ್ಪ. ಬೀಗ ರಿಪೇರಿಯೋನಿಗೆ ಫೋನು ಹೋಯ್ತು, ಬೆಳಕು ಹರಿದ ಮೇಲೆ ನೋಡೋಣ ಅಂತ ಇಟ್ಟ. ಅವಳಿಗೆ ಒಳಗೊಳಗೇ ಕುಣಿಯೋ ಹಂಗಾಯ್ತು, ನೋಡಿ ಮೇಡಂ, ಬಿರುಗಾಳಿ ಬೇಕಾಗ್ಲೇ ಇಲ್ಲ! ಮರುಕ್ಷಣ ಗೋಡೆ ಕಡೆಯ ಕುರ್ಚಿ ಕಣ್ಣಿಗೆ ಬಿತ್ತು. ಅರ್ಧ ಗಂಟೆ ಆಟ ಆಡಿ ಇಲ್ಲೇ ಇತ್ತು ನೋಡಿ ಅಂತ ಎತ್ತಿಕೊಡೋಣ ಅಂದ್ಕೊಂಡಿದ್ದಳು. ಈಗ ಎತ್ತಿಕೊಡೋದು ಹೇಗೆ? ಆ ಕುರ್ಚಿಯಲ್ಲಿದೆ ಅನ್ನಬೇಕು. ಅಲ್ಲಿಗೆ ಹೇಗೆ ಹೋಯ್ತು ಅಂತಾರೆ. ನಾನಿಟ್ಟೆ ಅನ್ನಬಹುದು, ಬೈಸ್ಕೋಬಹುದು, ಅದೇನು ಹೊಸದಲ್ಲ. ಆದ್ರೆ ಮುಂದಿನ ಪ್ರಶ್ನೆ ಕೇಳೇ ಕೇಳ್ತಾರೆ. ಕಣ್ಣೆದುರಿಗಿದ್ದ ಕೀ ಮೇಲೆ ಅಪ್ಪ ಬಟ್ಟೆ ಹೊಡೆದದ್ದು ಹೇಗೆ?

ಸೊಟ್ಟಗಿದೆ ಕಣೋ, ಅಂದಿದ್ರಲ್ಲ ಅಪ್ಪ. ಅದೂ ಹಿಂಗೇ, ಕಣ್ಣು ಸರಿಯಾಗಿ ಕಾಣದೇ ಅಂದದ್ದು. ಎಷ್ಟು ದಿನದಿಂದ? ಸೂಜಿಗೆ ದಾರ ಪೋಣಿಸು ಮರಿ, ನಿನ್ನ ಕೈ ಸಣ್ಣದು, ಅಂತಿದ್ರು. ಅವಳು ಕೈಯ ಬಗ್ಗೆ ಹೆಮ್ಮೆ ಪಡ್ತಿದ್ದಳು, ಪೆದ್ದಿ. ಬಟ್ಟೆ ಆರಿಸುವಾಗ ಬೆರಳಲ್ಲಿ ಉಜ್ಜಿ ನೋಡೋರು, ಅನುಭವ ಅಂದ್ರೆ ಹಿಂಗಿರಬೇಕು ಅಂತ ಗಿರಾಕಿಗಳು ತಲೆದೂಗೋರು.

ನಾಲ್ಕು ಜನ ನಾಲ್ಕು ಕಡೆ ಕೂತ್ರು. ಬೆನ್ನಿಲ್ಲದ ಸೋಫಾದಲ್ಲಿ ಅತ್ತೆ, ಒರಗೋಕೆ ಹೋಗಿ ಎರಡು ಸಲ ಹಿಂದಕ್ಕೆ ಬಿದ್ದು ಎರಡು ಸಲವೂ ತಮ್ಮಂದಿರನ್ನೇ ಬೈದ್ರು. ಅಪ್ಪ ಬೆಂಚಿಗೆ, ಚಿಕ್ಕಪ್ಪ ಮಷೀನಿಗೆ. ಅವಳು ನೆಲದಲ್ಲಿ ಫೋಮಿನ ತುಂಡುಗಳ ಗುಡ್ಡೆ ಮೇಲೆ, ಫೋನು ಹಿಡ್ಕೊಂಡು. ಟೈಪ್ ಮಾಡದೇ ಇದ್ರೆ ಬಾಯಿಬಿಟ್ಟು ಹೇಳಿಬಿಡ್ತೀನಿ ಅನ್ನೋ ಭಯ. ಅಂಟಿನ ವಾಸನೆ ಹೆಚ್ಚಾಗ್ತಿದೆ ಅಂತ ಬರೆದಳು. ಕುಡಿಯೋ ನೀರು ಅರ್ಧ ಕೊಡ ಇದೆ, ಮೊದಲು ಲೋಟ ತುಂಬ ಕುಡೀತಿದ್ರು, ಈಗ ಯಾರು ಎಷ್ಟು ಕುಡಿದ್ರು ಅಂತ ಎಲ್ಲರೂ ನೋಡ್ತಾರೆ. ಸಿಕ್ಕಾಕೊಂಡೋರು ಮೊದಲು ಬಾಗಿಲ ಹತ್ರ ನಿಲ್ತಾರೆ, ಆಮೇಲೆ ಬಾಗಿಲು ಮರೀತಾರೆ, ಒಬ್ಬರನ್ನೊಬ್ಬರು ಬೈಯೋಕೆ ಶುರು ಮಾಡ್ತಾರೆ. ಜೊತೆ ಬದಲಾಗ್ತಾ ಇರತ್ತೆ. ಈಗ ಅಪ್ಪ, ಅತ್ತೆ ಒಂದು ಪಾರ್ಟಿ, ಕೀ ರೂಮಲ್ಲಿ ಬಿಟ್ಟು ಬಂದೋನು ಚಿಕ್ಕಪ್ಪ. ಸ್ವಲ್ಪ ಹೊತ್ತಿಗೆ ಅತ್ತೆ, ಚಿಕ್ಕಪ್ಪ ಒಂದು ಪಾರ್ಟಿ, ಕೀ ಕಳೆದೋನು ಅಪ್ಪ. ಮುಂದಿನ ಸರದಿ ನಂದು. ಹಂಗೇ ಆಯ್ತು. ಆ ಫೋನು ಇಡೇ, ಬೀಗ ತಿರುವಿದ್ದು ನೀನೇ ಅಲ್ವೇನೇ, ಅಂದ್ರು ಅತ್ತೆ. ಮೂರೂ ಮುಖ ತಿರುಗಿದ್ವು. ಅಪ್ಪಂಗೆ ಕೊಟ್ಟೆ ಅನ್ನಿಸತ್ತೆ, ಅಂದಳು. ನಾಲಗೆ ಅಷ್ಟು ಸಲೀಸಾಗಿ ಹೊರಳಿದ್ದು ನೋಡಿ ಅವಳಿಗೇ ನಗು ಬಂತು. ಅಪ್ಪ ಇಲ್ಲ ಅನ್ನಲಿಲ್ಲ. ಬೆಂಚಿನ ಮೇಲೆ ಅಂಗೈ ಸವರಿದ್ರು, ಇದ್ರೂ ಇರಬಹುದು ಅಂದ್ರು. ಅಂಗೈ ಬೆಂಚಿನ ತುದಿ ತನಕ ಹೋಗಿ ಬಂತು, ಕಣ್ಣು ಹೋಗಲಿಲ್ಲ.

ಮೇಡಂ ಹೇಳಿದ್ದು ಇನ್ನೊಂದು ಇತ್ತು. ಓದೋರಿಗೆ ಮಾತ್ರ ಗೊತ್ತಿರೋ ಒಂದು ವಸ್ತು ಕೋಣೆ ಮಧ್ಯೆ ಇಡು, ಆಮೇಲೆ ಪಾತ್ರಗಳನ್ನ ಸುಮ್ನೆ ಹರಟೆ ಹೊಡೆಯೋಕೆ ಬಿಡು. ಆಗ ಹರಟೆಯ ಒಂದೊಂದು ಮಾತಿಗೂ ಓದೋರ ಎದೆ ಹೊಡ್ಕೊಳ್ಳತ್ತೆ. ಅವಳು ತಲೆ ಎತ್ತಿದಳು. ಬೆನ್ನಿಲ್ಲದ ಸೋಫಾ ಸಹವಾಸ ಸಾಕು ಅಂತ ಅತ್ತೆ ಎದ್ದು, ಗೋಡೆ ಕಡೆ ಸಾಲಾಗಿಟ್ಟಿದ್ದ ಹೊಸ ಕುರ್ಚಿಗಳ ಹತ್ರ ಹೋದ್ರು. ಅಷ್ಟೊಂದು ಕುರ್ಚಿ. ಅತ್ತೆಯ ಸೊಂಟ ಕೀ ಇದ್ದ ಆ ಒಂದನ್ನೇ ಆರಿಸ್ತು.

ಅತ್ತೆ ಆ ಕಡೆ ವಾಲಿದ್ರು. ಈ ಕಡೆ ವಾಲಿದ್ರು. ಬೇರೆ ಕುರ್ಚಿ ಕೊಡಲಾ ಅತ್ತೆ, ಅಂದಳು ಅವಳು, ಬೇಡ ಬಿಡೇ, ಅಂದ್ರು. ಚಿಕ್ಕಪ್ಪ ಹೊಸ ಅಂಗಡಿ ಸುದ್ದಿ ತೆಗೆದ್ರು, ಅಲ್ಲಿ ಫ್ಯಾನು ಎರಡಂತೆ. ಅಪ್ಪ ಯಾರಿಗೂ ಅಲ್ಲದಂಗೆ, ಗಾಳಿಗೆ ಬಟ್ಟೆ ಹಾರತ್ತೆ, ಅಂದ್ರು. ಅತ್ತೆ ಮತ್ತೆ ವಾಲಿದ್ರು. ಇದೇನ್ರೋ, ಸಭೆಗೆ ಬಂದೋರು ಬೇಗ ಎದ್ದು ಹೋಗಲಿ ಅಂತ ಮುಳ್ಳು ಇಟ್ಟಿದೀರಾ, ಅಂದ್ರು.

ಅಪ್ಪನ ಮುಖ ಸಣ್ಣದಾಯ್ತು. ಸರಿ ಮಾಡ್ತೀನಿ ಕೊಡಕ್ಕ, ಅಂತ ಬಂದು ಅತ್ತೆಯನ್ನ ಎಬ್ಬಿಸಿ ಸೀಟಿನ ಮೇಲೆ ಕೈಯಿಟ್ರು. ಒತ್ತಿದ್ರು. ಕೈ ಅಲ್ಲೇ ನಿಂತುಬಿಡ್ತು. ಅವಳು ನೋಡ್ತಾನೇ ಇದ್ದಳು, ಬೆರಳುಗಳು ಬಟ್ಟೆ ಮೇಲಿಂದಾನೇ ಆ ಗಂಟಿನ ಉದ್ದ ಅಳೆದ್ವು, ತಲೆ ಕಡೆಯ ದುಂಡು, ಹಲ್ಲು. ಅಪ್ಪಂಗೆ ಗೊತ್ತಾಯ್ತು. ಅಪ್ಪಂಗೆ ಗೊತ್ತಾದದ್ದು ಅವಳಿಗೆ ಗೊತ್ತಾಯ್ತು. ಅಪ್ಪ ಕೈ ತೆಗೆದ್ರು. ಗಟ್ಟಿ ಫೋಮು ಅಷ್ಟೇ, ಅಂದ್ರು.

ಹೇಳಿಬಿಟ್ರೆ ಶಟರ್ ತೆರೆಯತ್ತೆ. ಹೇಳದಿದ್ರೆ ಟೆಂಪೋ ಬರತ್ತೆ, ಮಷೀನು ಹೋಗತ್ತೆ, ಕೀ ಮೇಲೆ ಯಾವುದೋ ಸಭೆಯ ಯಾರೋ ಅಧ್ಯಕ್ಷರು ಕೂರ್ತಾರೆ, ಅಪ್ಪ ನಾಳೆಯಿಂದ ಒಬ್ರೇ ಈ ಅಂಗಡಿಯಲ್ಲಿ ತಡವ್ತಾ ಇರ್ತಾರೆ. ಅಧ್ಯಕ್ಷರು ವಾಲೋದು ನೆನೆಸ್ಕೊಂಡು ಅವಳಿಗೆ ನಗು ಒತ್ತರಿಸಿ ಬಂತು, ತಡೆಯೋಕೆ ಹೋದ್ರೆ ಅದು ಅಳುವಾಗಿ ಹೊರಗೆ ಬಂತು, ಎರಡೂ ಒಟ್ಟಿಗೆ, ಮೂಗಲ್ಲಿ. ಚಿಕ್ಕಪ್ಪ ಮಷೀನಿಂದ ತಿರುಗಿ ಅವಳನ್ನ ನೋಡಿದ್ರು. ಅವಳ ಕಣ್ಣು ಕುರ್ಚಿ ಮೇಲಿತ್ತು. ಅವಳು ತೆಗೀಲಿಲ್ಲ. ಬೇಕಂತಲೇ ತೆಗೀಲಿಲ್ಲ, ಅಷ್ಟು ಮಾತ್ರ ಅವಳು ಮಾಡಿದ್ದು.

ಚಿಕ್ಕಪ್ಪ ಎದ್ದು ಬಂದ್ರು. ಜಗಳ ಆದ ಮೇಲೆ ಮೊದಲನೇ ಸಲ ಮಷೀನು ಬಿಟ್ಟು ಅಪ್ಪನ ಕಡೆಗೆ. ಕುರ್ಚಿ ತಲೆಕೆಳಗು ಮಾಡಿ, ಸ್ಕ್ರೂ ಬಿಚ್ಚಿ, ಸೀಟು ತೆಗೆದು, ಒಂದು ಮೂಲೆಯ ಪಿನ್ನುಗಳನ್ನ ಇಕ್ಕಳದಲ್ಲಿ ಒಂದೊಂದಾಗಿ ಎತ್ತಿದ್ರು. ಬಟ್ಟೆ ಮಡಚಿದ್ರು. ಹತ್ತಿ ಹಾಸು ಎತ್ತಿದ್ರು. ಬಿಳೀ ಫೋಮು, ಕೆಂಪು ರಿಬ್ಬನ್ನು. ಅತ್ತೆ ನೀರು ಕುಡಿಯೋಕೆ ಹೋಗಿದ್ರು. ಅಪ್ಪ ಗೋಡೆ ನೋಡ್ತಾ ನಿಂತಿದ್ರು, ಶಾಲೆಯಲ್ಲಿ ತಪ್ಪು ಮಾಡಿದ ಹುಡುಗನ ಥರ ಕೈ ಎರಡೂ ಕೆಳಗೆ ಬಿಟ್ಕೊಂಡು. ಚಿಕ್ಕಪ್ಪ ಕೀ ನೋಡಿದ್ರು, ಅಪ್ಪನ ಬೆನ್ನು ನೋಡಿದ್ರು. ಅವರ ಮುಖದಲ್ಲಿ ಆ ಸೋಫಾ ಕವರು ಇನ್ನೊಂದ್ಸಲ ಸರ್ರ್ ಅಂತ ಬಿಚ್ಚಿಕೊಳ್ತು, ಈ ಸಲ ಬೇರೆ ಥರ. ಕೀಯನ್ನ ಮುಷ್ಟಿಯಲ್ಲಿ ಮುಚ್ಕೊಂಡ್ರು.

'ಏನೂ ಇಲ್ಲ ಇಲ್ಲಿ,' ಅಂದ್ರು. ಆಮೇಲೆ ಪ್ಯಾಂಟಿನ ಜೇಬಿಗೆ ಕೈ ಹಾಕಿ, ಹುಡುಕಿದಂಗೆ ಮಾಡಿ, ತೆಗೆದ್ರು. 'ಅಣ್ಣಾ.'

ಅಂಗಡಿಯಲ್ಲಿ ಆ ಪದ ಕೇಳಿ ಎಷ್ಟು ಕಾಲ ಆಗಿತ್ತೋ. ಅತ್ತೆಯ ಲೋಟ ಬಾಯಿ ಹತ್ರಾನೇ ನಿಂತಿತ್ತು.

'ಅಣ್ಣಾ, ನನ್ನ ಕೀ ನನ್ನ ಜೇಬಲ್ಲೇ ಇತ್ತು ಕಣೋ. ರೂಮಲ್ಲಿದೆ ಅಂದ್ಕೊಂಡಿದ್ದೆ.'

ಅಪ್ಪ ತಿರುಗಿ ಕೈ ಚಾಚಿದ್ರು. ಚಿಕ್ಕಪ್ಪ ಕೀ ಇಟ್ರು. ಅಪ್ಪನ ಹೆಬ್ಬೆರಳು ಕೀ ಸವರಿ ರಿಬ್ಬನ್ನಿನ ಗಂಟಿಗೆ ಬಂತು, ಅವಳೇ ಹಾಕಿದ್ದ ಗಂಟು, ಬಿಚ್ಚೋಕಾಗದ್ದು. ಅಲ್ಲಿ ಸ್ವಲ್ಪ ಹೊತ್ತು ನಿಂತ್ಕೊಳ್ತು. ಈಗ ಅಪ್ಪ ಏನಾದ್ರೂ ಅನ್ನಬಹುದು, ಅನ್ನಲೇಬೇಕು, ಅವಳ ಕಥೆಯಾಗಿದ್ರೆ ಈ ಜಾಗದಲ್ಲಿ ಅಪ್ಪನ ಬಾಯಲ್ಲಿ ಅರ್ಧ ಪುಟದ ಮಾತು ಹಾಕ್ತಿದ್ದಳು, ಕಣ್ಣು, ವಯಸ್ಸು, ಕ್ಷಮಿಸು, ಎಲ್ಲ.

'ಬೆಪ್ಪಾ, ಮೊದಲೇ ನೋಡ್ಕೊಳ್ಳೋಕೆ ಏನಾಗಿತ್ತು?' ಅಂದ್ರು ಅಪ್ಪ.

ಇಬ್ಬರಿಗೂ ಇಬ್ಬರ ಸುಳ್ಳೂ ಗೊತ್ತಿತ್ತು. ಅತ್ತೆಗೂ ಗೊತ್ತಾಗಿರಬಹುದು, ಅವರು ಯಾವತ್ತೂ ಇಲ್ಲದಷ್ಟು ಮೆತ್ತಗೆ ಲೋಟ ಇಟ್ರು. ಇನ್ನು ಶಟರ್ ತೆಗೀತಾರೆ, ಅಂತ ಅವಳು ಕಾದಳು. ಅಪ್ಪ ಕೀಯನ್ನ ಬೆಂಚಿನ ಮೂಲೆಯ ಮೊಳೆಗೆ ನೇತಾಕಿದ್ರು. ಚಿಕ್ಕಪ್ಪ ಬಿಚ್ಚಿದ ಸೀಟನ್ನ ಅಪ್ಪನ ಮುಂದೆ ಇಟ್ಟು, ನೀನು ಬಟ್ಟೆ ಎಳೆದು ಹಿಡಿ, ನಾನು ಹೊಡೀತೀನಿ, ಅಂದು ಗನ್ ತಗೊಂಡ್ರು. ಬಿಗಿ ಹಿಡಿಯೋದ್ರಲ್ಲಿ ಅಪ್ಪನ ಕೈಗೆ ಸಾಟಿ ಇಲ್ಲ, ನೆರಿಗೆ ಬಂದ್ರೆ ಬೆರಳಿಗೇ ಗೊತ್ತಾಗತ್ತೆ. ಟಕ್. ಇನ್ನೊಂಚೂರು ಎಳಿ ಅಣ್ಣ. ಟಕ್. ಅಯ್ಯೋ ನನ್ನ ಬೆರಳು ಬಿಟ್ಟು ಹೊಡಿಯೋ. ಆ ಸೀಟು ಮುಗಿದು ಮಿಕ್ಕ ಕುರ್ಚಿಗಳಿಗೆ ಒಂದೊಂದಾಗಿ ಹೋದ್ರು. ಅವಳ ಮೂಲಕ ಹೋಗದೇ ಮಾತುಗಳು ಅವಳ ತಲೆ ಮೇಲಿಂದ ಹಾರಿ ಹೋಗ್ತಿದ್ವು, ಟಪಾಲು ಕೆಲಸ ಹೋಯ್ತು, ಪೋಸ್ಟ್‌ಮ್ಯಾನಿಗೆ ಇಷ್ಟು ಖುಷಿ ಆಗತ್ತೆ ಅಂತ ಯಾರಿಗೆ ಗೊತ್ತಿತ್ತು! ಅತ್ತೆ ಅದೇ ಬೆನ್ನಿಲ್ಲದ ಸೋಫಾಗೆ ವಾಪಸ್ ಹೋಗಿ ಕೂತ್ರು, ಒರಗೋಕೆ ಹೋಗಿ ಮೂರನೇ ಸಲ ಬಿದ್ರು, ಬಿದ್ದಲ್ಲೇ ಮಲಗಿ ಗೊರಕೆ ಶುರು ಮಾಡಿದ್ರು.

ಕೀ ಮೊಳೆಯಲ್ಲಿ ತೂಗಾಡ್ತಿತ್ತು, ಯಾರು ಬೇಕಾದ್ರೂ ಕೈ ಚಾಚಬಹುದಾದಷ್ಟು ಹತ್ರ. ಅವಳು ಫೋನು ತೆಗೆದು ಆರು ಜನರ ಕಥೆ ಪೂರ್ತಿ ಅಳಿಸಿದಳು, ಬಿರುಗಾಳಿ ಸಮೇತ. ಖಾಲಿ ಪುಟದಲ್ಲಿ ಒಂದು ಅಕ್ಷರ ಹೊಡೆಯೋ ಮುಂಚೆ ಶಟರಿನ ಸಂದಿಯಿಂದ ಬೆಳಕಿನ ಗೆರೆ ಬಿತ್ತು, ಆ ಕಡೆಯಿಂದ ಬೀಗ ರಿಪೇರಿಯೋನು ದಬದಬ ಬಡಿದು, ಒಳಗೆ ಯಾರ್ರೀ, ತೆಗೀಲಾ, ಅಂದ.

'ಇರಪ್ಪ,' ಅಂದ್ರು ಅಪ್ಪ ಚಿಕ್ಕಪ್ಪ ಇಬ್ರೂ ಒಟ್ಟಿಗೆ, 'ಇನ್ನೊಂದು ಮೂಲೆ ಇದೆ.'